ಕಿವಿ ನಿಲ್ಲುವ ಮೊದಲು ತೆಗೆದ ಫೋಟೊ

ಕಲಬುರಗಿಯ ನಮ್ಮ ಓಣಿಯ ಕಾಕಾ ಒಬ್ಬರು ಹೋದ ವರ್ಷ ಒಂದು ಕುನ್ನಿ ತಂದರು. ತರುವ ಮೊದಲು ಮೊಬೈಲ್‌ನಲ್ಲಿ ಅದರ ಫೋಟೊ ತೋರಿಸಿದರು. ಕಪ್ಪು ಮೈ, ಕಂದು ಕಾಲು, ಹುಬ್ಬಿನ ಜಾಗದಲ್ಲಿ ಎರಡು ಕಂದು ಚುಕ್ಕೆ, ಜೋತುಬಿದ್ದ ಕಿವಿ. "ಜರ್ಮನ್ ಶೆಫರ್ಡ್ ಅಂತ ಹೇಳ್ಯಾರ್ರಿ, ಕಿವಿ ಆಮ್ಯಾಲ ನಿಲ್ತಾವಂತ" ಅಂದರು. ಅದೇ ಫೋಟೊ ನೋಡಿದ ಅವರ ಮಗ ರಾಟ್‌ವೀಲರ್ ಅಂದ. ಎದುರುಮನೆ ಅಕ್ಕ "ಸುಮ್ನೆ ಓಣಿ ನಾಯಿ ಅದು" ಅಂದರು. ಆ ಒಂದು ಫೋಟೊದಿಂದ ಮೂವರಲ್ಲಿ ಯಾರ ಮಾತನ್ನೂ ತಳ್ಳಿಹಾಕುವ ಹಾಗಿರಲಿಲ್ಲ.

ಕಿವಿಯಿಂದಲೇ ಶುರು ಮಾಡೋಣ. ಯಾವ ಜಾತಿಯ ನಾಯಿಯೇ ಆಗಲಿ, ಹುಟ್ಟುವಾಗ ಕಿವಿ ಮಡಚಿಕೊಂಡೇ ಇರುತ್ತದೆ. ಕಿವಿಗೆ ಆಕಾರ ಕೊಡುವ ಕಾರ್ಟಿಲೇಜ್ ಆಗ ತುಂಬಾ ಮೆತ್ತಗೆ. ಕಿವಿಯ ಬುಡದ ಸ್ನಾಯುಗಳೂ ಎಳೆಯವು. ಎರಡೂ ಗಟ್ಟಿಯಾದ ಮೇಲೆಯೇ ಕಿವಿ ಎದ್ದು ನಿಲ್ಲಬೇಕು. ಜರ್ಮನ್ ಶೆಫರ್ಡ್‌ನಲ್ಲಿ ಇದು ಸಾಮಾನ್ಯವಾಗಿ ಮೂರರಿಂದ ಐದು ತಿಂಗಳ ನಡುವೆ ಆಗುತ್ತದೆ. ಅದೂ ಒಂದೇ ಸಲಕ್ಕಲ್ಲ. ಒಂದು ಕಿವಿ ನಿಂತು ಇನ್ನೊಂದು ಬಿದ್ದಿರುತ್ತದೆ. ಹಾಲುಹಲ್ಲು ಉದುರುವ ದಿನಗಳಲ್ಲಿ ನಿಂತ ಕಿವಿ ಮತ್ತೆ ಬಿದ್ದು, ಕೆಲವು ವಾರ ಬಿಟ್ಟು ಪುನಃ ಏಳುವುದೂ ಉಂಟು. ಆ ನಡುವೆ ತೆಗೆದ ನಾಲ್ಕು ಫೋಟೊ ಜೋಡಿಸಿಟ್ಟರೆ ನಾಲ್ಕು ಬೇರೆ ನಾಯಿಗಳೆಂದೇ ನಂಬಿಬಿಡುತ್ತೀರಿ.

ಇಲ್ಲಿ ಇನ್ನೊಂದು ತೊಡಕಿದೆ. ನಮ್ಮ ಓಣಿ ನಾಯಿಗಳಲ್ಲೂ ಎಷ್ಟೋ ನಾಯಿಗಳ ಕಿವಿ ದೊಡ್ಡವಾದ ಮೇಲೆ ನೆಟ್ಟಗೆ ನಿಲ್ಲುತ್ತವೆ. ಹಾಗಾಗಿ ಮರಿಯ ಕಿವಿ ಜೋತುಬಿದ್ದಿದೆ ಎಂದು ಶೆಫರ್ಡ್ ಅಲ್ಲ ಅನ್ನಲಾಗದು. ಮುಂದೆ ನಿಂತಿತು ಎಂದು ಶೆಫರ್ಡೇ ಎಂದೂ ಹೇಳಲಾಗದು.

ಬಣ್ಣ ಇನ್ನೂ ಜಾಸ್ತಿ ಮೋಸ ಮಾಡುತ್ತದೆ. ಬೆನ್ನ ಮೇಲೆ ಕಪ್ಪು ಜೀನು ಹಾಸಿದ ಹಾಗೆ ಕಾಣುವ ಶೆಫರ್ಡ್, ಹುಟ್ಟುವಾಗ ಹೆಚ್ಚುಕಡಿಮೆ ಪೂರ್ತಿ ಕಪ್ಪು. ತಿಂಗಳುಗಳು ಕಳೆದಂತೆ ಕಂದು ಬಣ್ಣ ಕಾಲಿನಿಂದ ಮೇಲಕ್ಕೆ, ಮುಖದಿಂದ ಹಿಂದಕ್ಕೆ ಹರಡುತ್ತದೆ. ಕಪ್ಪು ಬೆನ್ನಿಗೆ ಸರಿಯುತ್ತದೆ. ರಾಟ್‌ವೀಲರ್‌ನಲ್ಲಿ ಹಾಗಾಗುವುದಿಲ್ಲ. ಅದರ ಕಪ್ಪು ಮೈ ಕಪ್ಪಾಗಿಯೇ ಉಳಿದು, ಕಂದು ಬಣ್ಣ ಹುಬ್ಬು, ಕೆನ್ನೆ, ಎದೆ, ಕಾಲುಗಳಲ್ಲೇ ನಿಲ್ಲುತ್ತದೆ. ಓಣಿ ನಾಯಿಗಳಲ್ಲೂ ಇದೇ ಗುರುತಿನವು ಬೇಕಾದಷ್ಟಿವೆ. ಆರು ವಾರದ ಮರಿಯಲ್ಲಿ ಇವೆಲ್ಲ ಒಂದೇ ಥರ ಕಾಣುತ್ತವೆ. ಸಾಲದ್ದಕ್ಕೆ ಮರಿಯ ಮೈಮೇಲಿರುವುದು ಉಣ್ಣೆಯಂಥ ಮೆತ್ತನೆ ಕೂದಲು. ಅದು ಉದುರಿ ದೊಡ್ಡ ನಾಯಿಯ ಕೂದಲು ಬರುವುದು ನಾಲ್ಕನೇ ತಿಂಗಳ ನಂತರ. ಹಾಗಾಗಿ ಮರಿಯ ದಟ್ಟ ಕೂದಲು ನೋಡಿ ಮುಂದೆ ಉದ್ದ ಕೂದಲು ಬರುತ್ತದೆ ಎಂದುಕೊಳ್ಳಬಾರದು.

ಮುಖವೂ ಅಷ್ಟೇ. ಮರಿಗಳ ತಲೆ ದುಂಡಗೆ, ಮೂತಿ ಗಿಡ್ಡ. ಉದ್ದ ಮೂತಿಗೆ ಹೆಸರಾದ ನಮ್ಮ ಮುಧೋಳ ನಾಯಿಯದ್ದೂ ಮೂತಿ ಬೆಳೆದು ಉದ್ದವಾಗಬೇಕು.

ಫೋಟೊ ಹೇಳದೇ ಇರುವುದು ತೂಕವನ್ನು. ತೂಕ ಹೋಲಿಸಲು ವಯಸ್ಸು ಗೊತ್ತಿರಬೇಕು, ಹಾಗಾಗಿ ಕಾಕಾ ಮರಿ ತಂದ ಮೇಲೆ ಮೊದಲು ಅದರ ಬಾಯಿ ತೆರೆದು ನೋಡಿದೆವು. ಸೂಜಿಯಂಥ ಹಾಲುಹಲ್ಲು ಬಂದಿದ್ದವು, ಒಂದೂ ಉದುರಿರಲಿಲ್ಲ. ನಾಯಿಮರಿಗೆ ಹಾಲುಹಲ್ಲು ಮೂರನೇ ವಾರದ ಹೊತ್ತಿಗೆ ಶುರುವಾಗಿ ಎಂಟನೇ ವಾರದೊಳಗೆ ಒಟ್ಟು 28 ಬರುತ್ತವೆ. ಅವುಗಳಲ್ಲಿ ಬಾಯಿಯ ಮುಂಭಾಗದವು ಉದುರುವುದು ಮೂರು ತಿಂಗಳು ದಾಟಿದ ಮೇಲೆ. ಅಂದರೆ ಅವರಿಗೆ ಹೇಳಿದ್ದ ಎರಡು ತಿಂಗಳ ವಯಸ್ಸು ನಂಬುವ ಹಾಗಿತ್ತು. ಆಮೇಲೆ ಕಾಕಾ ಮರಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತರು. ನಂತರ ಮರಿ ಇಳಿಸಿ ಒಬ್ಬರೇ ನಿಂತರು. ವ್ಯತ್ಯಾಸ 3 ಕೆ.ಜಿ. ಎರಡು ತಿಂಗಳ ಗಂಡು ಶೆಫರ್ಡ್ ಮರಿ ಸಾಮಾನ್ಯವಾಗಿ ಇದರ ಎರಡು ಪಟ್ಟು ತೂಗುತ್ತದೆ. ಆದರೂ ಅಷ್ಟಕ್ಕೇ ತೀರ್ಮಾನ ಮಾಡಲಿಲ್ಲ. ಹೊಟ್ಟೆಹುಳು ಇದ್ದರೆ, ತಾಯಿ ಹಾಲು ಕಡಿಮೆಯಾಗಿದ್ದರೆ ಒಳ್ಳೆ ತಳಿಯ ಮರಿಯೂ ಸೊರಗಿರುತ್ತದೆ. ಪಶುವೈದ್ಯರಿಗೆ ತೋರಿಸಿ ಹುಳದ ಔಷಧಿ ಹಾಕಿಸಿದರು. ಪ್ರತಿ ತಿಂಗಳು ತೂಕ ನೋಡಿ ಕ್ಯಾಲೆಂಡರ್‌ನಲ್ಲೇ ಬರೆದಿಟ್ಟರು. ಜೊತೆಗೊಂದು ಫೋಟೊ, ಅದೇ ಬಾಗಿಲ ಹೊಸ್ತಿಲ ಪಕ್ಕ ನಿಲ್ಲಿಸಿ, ಪಕ್ಕದಿಂದ. ಹೊಸ್ತಿಲೇ ಅಳತೆಗೋಲು.

ಐದನೇ ತಿಂಗಳಲ್ಲಿ ಬಲಗಿವಿ ನಿಂತಿತು. ಕಾಕಾಗೆ ಭಾರೀ ಖುಷಿ. ಆದರೆ ತೂಕ 9 ಕೆ.ಜಿ. ದಾಟಿರಲಿಲ್ಲ, ಪಕ್ಕೆಯ ಕಪ್ಪು ಒಂದಿಷ್ಟೂ ಸರಿದಿರಲಿಲ್ಲ. ವರ್ಷ ತುಂಬಿದಾಗ 17 ಕೆ.ಜಿ. ಪೂರ್ತಿ ಬೆಳೆದ ಗಂಡು ಶೆಫರ್ಡ್ 30 ಕೆ.ಜಿ.ಗಿಂತ ಮೇಲಿರುತ್ತದೆ. ದೊಡ್ಡ ತಳಿಗಳು ಒಂದೂವರೆ ವರ್ಷದವರೆಗೂ ತುಂಬಿಕೊಳ್ಳುತ್ತವೆ, ನಿಜ. ಆದರೆ ಅಷ್ಟು ದೊಡ್ಡ ಅಂತರ ಆ ಆರು ತಿಂಗಳಲ್ಲಿ ತುಂಬುವುದಿಲ್ಲ.

ಎದುರುಮನೆ ಅಕ್ಕನ ಮಾತೇ ಹೆಚ್ಚುಕಡಿಮೆ ಸರಿಯಾಯಿತು. ಅದರ ಅಜ್ಜ-ಮುತ್ತಜ್ಜರಲ್ಲಿ ಶೆಫರ್ಡ್ ಇತ್ತೋ ಇಲ್ಲವೋ ಎಂಬುದು ಡಿಎನ್‌ಎ ಪರೀಕ್ಷೆಗೆ ಬಿಟ್ಟ ಮಾತು, ಕಣ್ಣಿಗಲ್ಲ. ಕಾಕಾ ಆ ಪರೀಕ್ಷೆಗೆ ಹೋಗಲಿಲ್ಲ. "ಈಗ ಅದು ನಮ್ಮನಿ ನಾಯಿ ಆಗ್ಯಾದ್ರಿ, ಸಾಕು" ಅಂದರು. ಎಡಗಿವಿ ಇವತ್ತಿಗೂ ಅರ್ಧಕ್ಕೇ ಮಡಚಿದೆ.