ಮಕ್ಕಳ ವಿದೇಶಿ ಓದಿಗೆ ಕಳಿಸಿದ ಹಣದ ಮೇಲಿನ ಟಿಸಿಎಸ್: ನಿಯಮ ಬೆಳೆದ ಬಗೆ, ಹಣ ಮರಳುವ ದಾರಿ

ವಿದೇಶದ ವಿಶ್ವವಿದ್ಯಾಲಯಕ್ಕೆ ಮಗಳ ಶುಲ್ಕ ಕಳಿಸುವ ತಂದೆಯ ಖಾತೆಯಿಂದ ಬ್ಯಾಂಕು ಶುಲ್ಕದ ಮೊತ್ತ, ತನ್ನ ಸೇವಾ ಶುಲ್ಕ ಮತ್ತು ಜಿಎಸ್‌ಟಿಯ ಜೊತೆಗೆ ಇನ್ನೂ ಒಂದು ದೊಡ್ಡ ಮೊತ್ತವನ್ನು ಕಡಿತ ಮಾಡುತ್ತದೆ. ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಅಂದರೆ ಟಿಸಿಎಸ್, ಎಂದು ರಸೀದಿಯಲ್ಲಿ ನಮೂದಾಗುವ ಈ ಹಣವನ್ನು ಅನೇಕ ಕುಟುಂಬಗಳು ಓದಿನ ಖರ್ಚಿನ ಪಟ್ಟಿಗೇ ಸೇರಿಸಿ ಮರೆತುಬಿಡುತ್ತವೆ. ವಾಸ್ತವದಲ್ಲಿ ಅದು ಖರ್ಚಲ್ಲ. ಹಣ ಕಳಿಸಿದವರ ಪ್ಯಾನ್ ಸಂಖ್ಯೆಗೆ ಮುಂಗಡವಾಗಿ ಜಮೆಯಾಗುವ ಆದಾಯ ತೆರಿಗೆ ಅದು. ಆ ವರ್ಷ ಅವರು ಕಟ್ಟಬೇಕಾದ ತೆರಿಗೆಯಲ್ಲಿ ಅದು ವಜಾ ಆಗುತ್ತದೆ, ಹೆಚ್ಚಾದದ್ದು ಮರಳಿ ಬರುತ್ತದೆ. ಆದರೆ ಆ ಹಣ ಎಷ್ಟಿರುತ್ತದೆ, ಎಷ್ಟು ಕಾಲ ಸರ್ಕಾರದ ಬಳಿ ಉಳಿಯುತ್ತದೆ ಎಂಬುದು ಯಾರ ಖಾತೆಯಿಂದ, ಯಾವ ಉದ್ದೇಶ ನಮೂದಿಸಿ ಕಳಿಸಲಾಯಿತು ಎಂಬುದರ ಮೇಲೆ ನಿಂತಿದೆ.

ನಿವಾಸಿ ಭಾರತೀಯರು ಪೂರ್ವಾನುಮತಿಯಿಲ್ಲದೆ ವಿದೇಶಕ್ಕೆ ಹಣ ಕಳಿಸಲು ದಾರಿ ತೆರೆದದ್ದು ಭಾರತೀಯ ರಿಸರ್ವ್ ಬ್ಯಾಂಕ್ 2004ರ ಫೆಬ್ರುವರಿಯಲ್ಲಿ ಜಾರಿಗೆ ತಂದ ಉದಾರೀಕೃತ ಹಣ ರವಾನೆ ಯೋಜನೆ. ಬ್ಯಾಂಕುಗಳಲ್ಲಿ ಅದನ್ನು ಎಲ್‌ಆರ್‌ಎಸ್ ಎಂದೇ ಕರೆಯುತ್ತಾರೆ. ಆರಂಭದಲ್ಲಿ ಒಬ್ಬರಿಗೆ 25,000 ಡಾಲರ್ ಇದ್ದ ಮಿತಿ ಏರುತ್ತಾ, ರೂಪಾಯಿ ಕುಸಿಯುತ್ತಿದ್ದ 2013ರಲ್ಲಿ ಒಮ್ಮೆ ಇಳಿದು, 2015ರಲ್ಲಿ ಹಣಕಾಸು ವರ್ಷವೊಂದಕ್ಕೆ 2,50,000 ಡಾಲರ್‌ಗೆ ಬಂದು ನಿಂತಿತು. ಯೋಜನೆಯ ಮೊದಲ ಹದಿನಾರು ವರ್ಷಗಳ ಕಾಲ ರವಾನೆಯ ಮೇಲೆ ಟಿಸಿಎಸ್ ಎಂಬುದು ಇರಲೇ ಇಲ್ಲ.

ಅದು ಬಂದದ್ದು 2020ರ ಬಜೆಟ್ಟಿನಲ್ಲಿ. ತೆರಿಗೆಯ ಬಲೆಯನ್ನು ವಿಸ್ತರಿಸುವುದೇ ಉದ್ದೇಶ ಎಂದು ಸರ್ಕಾರ ಹೇಳಿತು. ಆದಾಯ ತೆರಿಗೆ ಕಾಯ್ದೆಗೆ 206ಸಿ(1ಜಿ) ಎಂಬ ಉಪಕಲಮು ಸೇರಿ, ಆ ವರ್ಷದ ಅಕ್ಟೋಬರ್ 1ರಿಂದ ಜಾರಿಯಾಯಿತು. ವರ್ಷಕ್ಕೆ 7 ಲಕ್ಷ ರೂಪಾಯಿ ದಾಟಿದ ರವಾನೆಯ ಮೇಲೆ ಶೇ 5, ಶಿಕ್ಷಣ ಸಾಲದಿಂದ ಕಳಿಸಿದ ಹಣವಾದರೆ ಶೇ 0.5, ವಿದೇಶ ಪ್ರವಾಸದ ಪ್ಯಾಕೇಜಿಗೆ ಮೊದಲ ರೂಪಾಯಿಯಿಂದಲೇ ಶೇ 5 ಎಂದು ದರಗಳು ನಿಗದಿಯಾದವು. ದರ ಸಣ್ಣದಿದ್ದುದರಿಂದ ಇದು ತೆರಿಗೆಗಿಂತ ಹೆಚ್ಚಾಗಿ ಮಾಹಿತಿ ಕಲೆಹಾಕುವ ಸಾಧನವಾಗಿತ್ತು: ಲಕ್ಷಾಂತರ ರೂಪಾಯಿ ಹೊರಗೆ ಕಳಿಸುವವರು ಆದಾಯವನ್ನು ಸರಿಯಾಗಿ ಘೋಷಿಸುತ್ತಿದ್ದಾರೆಯೇ ಎಂದು ಪ್ಯಾನ್ ಮೂಲಕ ತಾಳೆ ನೋಡಲು ಇಲಾಖೆಗೆ ದಾರಿಯಾಯಿತು.

2023ರ ಬಜೆಟ್ ಈ ಸ್ವರೂಪವನ್ನು ಬದಲಿಸಿತು. 2022-23ರಲ್ಲಿ ಎಲ್‌ಆರ್‌ಎಸ್ ಮೂಲಕ ಹೊರಹೋದ ಹಣ ಸುಮಾರು 2,700 ಕೋಟಿ ಡಾಲರ್ ಮುಟ್ಟಿ, ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಪ್ರವಾಸಕ್ಕೆ ಸಂದಿತ್ತು. ಶಿಕ್ಷಣ ಮತ್ತು ವೈದ್ಯಕೀಯ ಉದ್ದೇಶಗಳನ್ನು ಬಿಟ್ಟು ಉಳಿದೆಲ್ಲ ರವಾನೆಗೂ, ಪ್ರವಾಸದ ಪ್ಯಾಕೇಜಿಗೂ, 7 ಲಕ್ಷದ ರಿಯಾಯಿತಿಯೇ ಇಲ್ಲದೆ ಶೇ 20 ವಿಧಿಸುವ ಪ್ರಸ್ತಾವ ಬಂತು. ಮೇ ತಿಂಗಳಲ್ಲಿ, ವಿದೇಶದಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿ ಮಾಡಿದ ಖರ್ಚನ್ನೂ ಎಲ್‌ಆರ್‌ಎಸ್ ಲೆಕ್ಕಕ್ಕೆ ತರುವ ಅಧಿಸೂಚನೆ ಹೊರಬಿದ್ದಾಗ ವಿರೋಧ ಜೋರಾಯಿತು. ಕೊನೆಗೆ ಜೂನ್ 28ರಂದು ಹಣಕಾಸು ಸಚಿವಾಲಯ 7 ಲಕ್ಷದ ಮಿತಿಯನ್ನು ಉಳಿಸಿಕೊಂಡು, ಹೊಸ ದರಗಳನ್ನು ಅಕ್ಟೋಬರ್ 1ಕ್ಕೆ ಮುಂದೂಡಿ, ಕಾರ್ಡಿನ ವಿಷಯವನ್ನು ತಡೆಹಿಡಿಯಿತು. ಶೇ 20 ಎಂಬುದು ಮಾಹಿತಿ ಸಂಗ್ರಹದ ದರವಲ್ಲ. ಜನರ ದುಡಿಮೆಯ ಹಣವನ್ನು ತಿಂಗಳುಗಟ್ಟಲೆ ಕಟ್ಟಿಹಾಕುವ ದರ ಎಂಬ ಆಕ್ಷೇಪ ನನ್ನ ದೃಷ್ಟಿಯಲ್ಲಿ ನ್ಯಾಯವಾದದ್ದೇ ಆಗಿತ್ತು.

ಆನಂತರದ ಹೆಜ್ಜೆಗಳೆಲ್ಲ ಸಡಿಲಿಕೆಯ ಕಡೆಗೇ ಇವೆ. 2025ರ ಏಪ್ರಿಲ್ 1ರಿಂದ ಮಿತಿ 10 ಲಕ್ಷಕ್ಕೆ ಏರಿತು, ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸುವ ಹಣಕ್ಕೆ ಟಿಸಿಎಸ್ ಪೂರ್ತಿ ರದ್ದಾಯಿತು. 2026ರ ಬಜೆಟ್ ಶಿಕ್ಷಣ ಮತ್ತು ಚಿಕಿತ್ಸೆಯ ರವಾನೆಯ ದರವನ್ನು ಶೇ 5ರಿಂದ 2ಕ್ಕೆ, ಪ್ರವಾಸದ ಪ್ಯಾಕೇಜಿನ ದರವನ್ನು ಮೊತ್ತ ಎಷ್ಟೇ ಇದ್ದರೂ ಶೇ 2ಕ್ಕೆ ಇಳಿಸಿತು. ಇವು 2026ರ ಏಪ್ರಿಲ್ 1ರಿಂದ ಅನ್ವಯ. ಆದರೆ ಉಳಿದ ಉದ್ದೇಶಗಳಿಗೆ 10 ಲಕ್ಷದ ಮೇಲೆ ಶೇ 20 ಹಾಗೆಯೇ ಇದೆ, ಪೋಷಕರು ಎಡವುವುದೂ ಇಲ್ಲಿಯೇ.

2025-26ರ ಲೆಕ್ಕದಲ್ಲಿ ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ದಾವಣಗೆರೆಯ ವ್ಯಾಪಾರಿಯೊಬ್ಬರು ಮಗಳ ಸ್ನಾತಕೋತ್ತರ ಓದಿಗಾಗಿ ಸ್ವಂತ ಉಳಿತಾಯದಿಂದ ಆಗಸ್ಟಿನಲ್ಲಿ 18 ಲಕ್ಷ, ಜನವರಿಯಲ್ಲಿ 10 ಲಕ್ಷ ಕಳಿಸುತ್ತಾರೆ. ಆಗಸ್ಟಿನಲ್ಲಿ ಮೊದಲ 10 ಲಕ್ಷಕ್ಕೆ ಏನೂ ಇಲ್ಲ. ಉಳಿದ 8 ಲಕ್ಷಕ್ಕೆ ಶೇ 5ರಂತೆ 40,000 ರೂಪಾಯಿ. ಜನವರಿಯ 10 ಲಕ್ಷಕ್ಕೆ ರಿಯಾಯಿತಿ ಉಳಿದಿಲ್ಲವಾದ್ದರಿಂದ 50,000. ಒಟ್ಟು 90,000 ರೂಪಾಯಿ. ಜನವರಿಯ ಕಂತನ್ನು ಇನ್ನೊಂದು ಬ್ಯಾಂಕಿನಿಂದ ಕಳಿಸಿದರೂ ಲೆಕ್ಕ ಬದಲಾಗದು, ಏಕೆಂದರೆ 10 ಲಕ್ಷದ ಮಿತಿ ಬ್ಯಾಂಕಿಗಲ್ಲ, ವ್ಯಕ್ತಿಗೆ. ಹಿಂದೆ ಕಳಿಸಿದ ಮೊತ್ತವೆಷ್ಟು ಎಂದು ಬ್ಯಾಂಕು ಮುಚ್ಚಳಿಕೆ ಬರೆಸಿಕೊಳ್ಳುತ್ತದೆ. ಅದೇ ಕಂತನ್ನು ಉಪನ್ಯಾಸಕಿಯಾಗಿರುವ ತಾಯಿ ತಮ್ಮ ಸ್ವಂತ ಉಳಿತಾಯದಿಂದ ಕಳಿಸಿದ್ದರೆ ಅವರ ಪಾಲಿನ 10 ಲಕ್ಷದ ಮಿತಿಯೊಳಗೇ ಬಂದು, ಟಿಸಿಎಸ್ ಬೀಳುತ್ತಿರಲಿಲ್ಲ.

ಇನ್ನು ಉದ್ದೇಶದ ಮಾತು. ರವಾನೆಗೆ ತುಂಬಿಸುವ ಎ2 ನಮೂನೆಯಲ್ಲಿ ಒಂದು ಸಂಕೇತ ಸಂಖ್ಯೆ ಇರುತ್ತದೆ. ಓದಿಗಾಗಿ ಹೋದವರ ಶುಲ್ಕ, ಹಾಸ್ಟೆಲ್ ಮುಂತಾದವುಗಳಿಗೆ S0305. ಕುಟುಂಬದ ನಿರ್ವಹಣೆಗೆಂದು ಕಳಿಸುವ ಹಣಕ್ಕೆ S1301. ಶುಲ್ಕ ಕಟ್ಟಿಯಾಗಿದೆ, ಇದು ಮಗಳ ಊಟ, ಬಾಡಿಗೆಯ ಖರ್ಚು ತಾನೇ ಎಂದುಕೊಂಡು ಜನವರಿಯ ಕಂತಿಗೆ ನಿರ್ವಹಣೆಯ ಸಂಕೇತ ಹಾಕಿದರೆ ಶೇ 20ರಂತೆ 2 ಲಕ್ಷ ರೂಪಾಯಿ ಕಡಿತವಾಗುತ್ತದೆ, ಅಂದರೆ ಸಲ್ಲಬೇಕಾದದ್ದಕ್ಕಿಂತ ಒಂದೂವರೆ ಲಕ್ಷ ಹೆಚ್ಚು. ವಿದ್ಯಾರ್ಥಿಯ ಪ್ರಯಾಣದ ಟಿಕೆಟ್, ಶುಲ್ಕ ಮತ್ತು ಓದಿಗೆ ಅಗತ್ಯವಾದ ದಿನನಿತ್ಯದ ಖರ್ಚು ಎಲ್ಲವೂ ಶಿಕ್ಷಣದ ಉದ್ದೇಶವೇ ಎಂದು ಕೇಂದ್ರೀಯ ನೇರ ತೆರಿಗೆ ಮಂಡಳಿ 2023ರ ಜೂನ್ 30ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ನಮೂನೆಗೆ ಸಹಿ ಹಾಕುವ ಮುನ್ನ ಆ ಸಂಕೇತವನ್ನೂ, ಕಡಿತವಾಗಲಿರುವ ಮೊತ್ತವನ್ನೂ ನೋಡಿಕೊಂಡರೆ ತಪ್ಪು ಅಲ್ಲಿಯೇ ಸಿಗುತ್ತದೆ. ತೆರಿಗೆ ಸರ್ಕಾರಕ್ಕೆ ಜಮೆಯಾದ ಮೇಲೆ ಸಾಮಾನ್ಯವಾಗಿ ಉಳಿಯುವ ದಾರಿ ಆದಾಯ ತೆರಿಗೆ ರಿಟರ್ನ್ ಒಂದೇ.

ಪ್ರವಾಸದ ಬಗ್ಗೆಯೂ ಅದೇ ಸುತ್ತೋಲೆಯ ಒಂದು ಮಾತು ಗಮನಾರ್ಹ. ವಿಮಾನದ ಟಿಕೆಟ್ ಮಾತ್ರ, ಇಲ್ಲವೇ ಹೋಟೆಲ್ ಮಾತ್ರ ಕೊಂಡರೆ ಅದು ಪ್ಯಾಕೇಜ್ ಆಗುವುದಿಲ್ಲ; ಟಿಕೆಟ್, ವಸತಿ, ಅದೇ ಬಗೆಯ ಇತರ ಖರ್ಚು, ಇವುಗಳಲ್ಲಿ ಕನಿಷ್ಠ ಎರಡು ಒಟ್ಟಿಗೆ ಇರಬೇಕು.

ಈಗ ಅದೇ 2025-26ರ ಲೆಕ್ಕದಲ್ಲಿ ಹಣ ಮರಳುವ ದಾರಿ. ಬ್ಯಾಂಕು ತಾನು ಸಂಗ್ರಹಿಸಿದ್ದನ್ನು ಮೂರು ತಿಂಗಳಿಗೊಮ್ಮೆ 27ಇಕ್ಯೂ ಎಂಬ ವಿವರಪಟ್ಟಿಯಲ್ಲಿ ಇಲಾಖೆಗೆ ಸಲ್ಲಿಸಿ, ಗ್ರಾಹಕರಿಗೆ 27ಡಿ ಪ್ರಮಾಣಪತ್ರ ಕೊಡುತ್ತದೆ. ಹೀಗಾಗಿ ಆಗಸ್ಟಿನ 40,000 ರೂಪಾಯಿ ಅಕ್ಟೋಬರ್ ಮಧ್ಯದ ನಂತರವಷ್ಟೇ, ಒಬ್ಬರ ಪ್ಯಾನಿಗೆ ಜಮೆಯಾದ ತೆರಿಗೆಯನ್ನು ತೋರಿಸುವ 26ಎಎಸ್ ಪಟ್ಟಿಯಲ್ಲಿ ಕಾಣಿಸುವುದು ಸಹಜ. ಸೆಪ್ಟೆಂಬರಿನಲ್ಲಿ ಕಾಣದಿದ್ದರೆ ಗಾಬರಿಯಾಗಬೇಕಿಲ್ಲ.

ಆದರೆ ರಿಟರ್ನ್ ಸಲ್ಲಿಸುವವರೆಗೆ ಕಾಯಲೇಬೇಕೆಂದೂ ಇಲ್ಲ. ನಮ್ಮ ವ್ಯಾಪಾರಿಯ ವರ್ಷದ ತೆರಿಗೆ 1,60,000 ರೂಪಾಯಿ ಎಂದಿಟ್ಟುಕೊಳ್ಳೋಣ. ಸೆಪ್ಟೆಂಬರ್ 15ರ ಮುಂಗಡ ತೆರಿಗೆಯ ಕಂತನ್ನು ಲೆಕ್ಕ ಹಾಕುವಾಗ ಆಗಸ್ಟಿನ 40,000 ಕಳೆದು, 1,20,000ಕ್ಕೆ ಶೇ 45ರಂತೆ ಒಟ್ಟು 54,000 ತುಂಬಿರುವಂತೆ ನೋಡಿಕೊಂಡರೆ ಸಾಕು. ಡಿಸೆಂಬರ್ 15ರ ಹೊತ್ತಿಗೆ ಶೇ 75ರಂತೆ ಅದು 90,000 ಆಗುತ್ತದೆ. ಜನವರಿಯಲ್ಲಿ ಇನ್ನೊಂದು 50,000 ಟಿಸಿಎಸ್ ಸೇರಿದಾಗ ಮಾರ್ಚಿನ ಕಂತು ಕಟ್ಟುವ ಅಗತ್ಯವೇ ಉಳಿಯುವುದಿಲ್ಲ. ತುಂಬಿದ ಮುಂಗಡ ತೆರಿಗೆ 90,000, ಟಿಸಿಎಸ್ 90,000, ಒಟ್ಟು 1,80,000. ಹೆಚ್ಚಾಗಿ ಹೋದದ್ದು 20,000 ಮಾತ್ರ, ಅದು ರೀಫಂಡ್ ಆಗಿ ಬರುತ್ತದೆ.

ಸಂಬಳದಾರರಿಗೆ ಈ ಅನುಕೂಲ ಸಿಕ್ಕಿದ್ದು ತಡವಾಗಿ. 2024ರ ಅಕ್ಟೋಬರಿನಿಂದ ಅವರು ತಮ್ಮಿಂದ ಸಂಗ್ರಹವಾದ ಟಿಸಿಎಸ್ ವಿವರವನ್ನು 12ಬಿಎಎ ನಮೂನೆಯಲ್ಲಿ ಕಚೇರಿಗೆ ಕೊಟ್ಟರೆ, ಉಳಿದ ತಿಂಗಳುಗಳ ಸಂಬಳದಿಂದ ಕಡಿಯುವ ತೆರಿಗೆಯನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಲು ಅವಕಾಶವಾಯಿತು. ಅದಕ್ಕೂ ಮೊದಲು ಸಂಬಳದಿಂದ ಪೂರ್ತಿ ಟಿಡಿಎಸ್, ರವಾನೆಯ ಮೇಲೆ ಟಿಸಿಎಸ್ ಎಂದು ಎರಡೂ ಕಡೆ ಹಣ ಹೋಗಿ, ಮುಂದಿನ ವರ್ಷದ ರೀಫಂಡಿಗೆ ಕಾಯಬೇಕಿತ್ತು.

ರಿಟರ್ನಿನಲ್ಲಿ ಟಿಸಿಎಸ್ ತೋರಿಸಲು Schedule TCS ಎಂಬ ಪ್ರತ್ಯೇಕ ಪುಟವಿದೆ. ತೆರಿಗೆ ಸಂಗ್ರಹಿಸುವವರ ಗುರುತಾದ ಬ್ಯಾಂಕಿನ ಟ್ಯಾನ್ ಸಂಖ್ಯೆ ಮತ್ತು ಮೊತ್ತ ಅಲ್ಲಿ ಬಹುತೇಕ ತಾನಾಗಿಯೇ ತುಂಬಿರುತ್ತವೆ, ಆದರೂ 27ಡಿಯೊಂದಿಗೆ ತಾಳೆ ನೋಡಬೇಕು. ಈ ವರ್ಷ ಕೇಳುತ್ತಿರುವ ಮೊತ್ತದ ಅಂಕಣ ಖಾಲಿ ಉಳಿದರೆ ಜಮೆ ಸಿಗುವುದಿಲ್ಲ. ಗಡುವಿನೊಳಗೆ ಸಲ್ಲಿಸಿದರೆ ರೀಫಂಡಿಗೆ ಏಪ್ರಿಲ್ 1ರಿಂದ ತಿಂಗಳಿಗೆ ಶೇ 0.5ರಂತೆ ಬಡ್ಡಿಯೂ ಸೇರುತ್ತದೆ, ರೀಫಂಡ್ ಮೊತ್ತ ವರ್ಷದ ತೆರಿಗೆಯ ಶೇ 10ಕ್ಕಿಂತ ಕಡಿಮೆಯಾಗಿದ್ದರೆ ಮಾತ್ರ ಅದಿಲ್ಲ. ಆಗಸ್ಟಿನಿಂದ ಮಾರ್ಚಿನವರೆಗೆ ಸರ್ಕಾರದ ಬಳಿ ಇದ್ದ ಹಣಕ್ಕೆ ಯಾವ ಬಡ್ಡಿಯೂ ಇಲ್ಲ.

ತಂದೆ ಹಣವನ್ನು ಮಗಳ ಖಾತೆಗೆ ಹಾಕಿ, ಅಲ್ಲಿಂದ ಆಕೆಯೇ ಕಳಿಸಿದ್ದರೆ ಚಿತ್ರ ಬೇರೆ. ಟಿಸಿಎಸ್ ಆಗ ಜಮೆಯಾಗುವುದು ಆಕೆಯ ಪ್ಯಾನಿಗೆ. ತಂದೆ ಅದನ್ನು ತಮ್ಮ ರಿಟರ್ನಿನಲ್ಲಿ ಕೇಳುವಂತಿಲ್ಲ. ಆದಾಯವಿಲ್ಲದ ಮಗಳು ತನ್ನ ಹೆಸರಿನಲ್ಲಿ ರಿಟರ್ನ್ ಸಲ್ಲಿಸಿದರೆ ಪೂರ್ತಿ ಮೊತ್ತ ಮರಳುತ್ತದೆ, ಸಲ್ಲಿಸದಿದ್ದರೆ ಅಲ್ಲೇ ಉಳಿಯುತ್ತದೆ. 2025ರ ಜನವರಿಯಿಂದ ಟಿಸಿಎಸ್ ಜಮೆಯನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಅವಕಾಶ ಬಂದಿದೆಯಾದರೂ, ಅದು ಅಪ್ರಾಪ್ತ ಮಕ್ಕಳ ಆದಾಯ ಪೋಷಕರ ಆದಾಯದೊಂದಿಗೆ ಸೇರುವಂಥ ಸಂದರ್ಭಗಳಿಗೆ; 18 ತುಂಬಿದ ಮಗಳಿಗೆ ಅನ್ವಯಿಸದು. ಆಕೆ ವಿಮಾನ ಹತ್ತುವ ಮುನ್ನವೇ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಖಾತೆ ತೆರೆದು, ರೀಫಂಡ್ ಬರಬೇಕಾದ ಬ್ಯಾಂಕ್ ಖಾತೆಯನ್ನು ದೃಢೀಕರಿಸಿಟ್ಟುಕೊಳ್ಳುವುದು ಒಳ್ಳೆಯದು. ರಿಟರ್ನನ್ನು 30 ದಿನಗಳೊಳಗೆ ದೃಢೀಕರಿಸಬೇಕಿದ್ದು, ಅದಕ್ಕೆ ಸಾಮಾನ್ಯವಾಗಿ ಬಳಸುವ ಆಧಾರ್ ಒಟಿಪಿ ಭಾರತದ ಮೊಬೈಲ್ ಸಂಖ್ಯೆಗೆ ಬರುತ್ತದೆ. ಆ ಸಿಮ್ ಸ್ಥಗಿತವಾಗಿದ್ದರೆ ಸಲ್ಲಿಸಿದ ರಿಟರ್ನ್ ಅರ್ಧಕ್ಕೇ ನಿಲ್ಲಬಹುದು.

27ಡಿಯಲ್ಲಿ ಒಂದು ಮೊತ್ತ, 26ಎಎಸ್‌ನಲ್ಲಿ ಇನ್ನೊಂದು ಮೊತ್ತ ಇದ್ದರೆ, ಅಥವಾ ನಮೂದೇ ಇಲ್ಲದಿದ್ದರೆ, ಕಾರಣ ಹೆಚ್ಚಾಗಿ ಬ್ಯಾಂಕಿನ ವಿವರಪಟ್ಟಿಯಲ್ಲಿ ಪ್ಯಾನ್ ಅಥವಾ ಮೊತ್ತ ತಪ್ಪಾಗಿ ದಾಖಲಾಗಿರುವುದು. ಅದನ್ನು ತಿದ್ದಬಲ್ಲದ್ದು ಬ್ಯಾಂಕೇ ಹೊರತು ಇಲಾಖೆಯಲ್ಲ. ರವಾನೆಯ ರಸೀದಿ ಮತ್ತು ಎ2 ನಮೂನೆಯ ಪ್ರತಿಯೊಂದಿಗೆ, ತಿದ್ದುಪಡಿ ವಿವರಪಟ್ಟಿ ಸಲ್ಲಿಸುವಂತೆ ಬ್ಯಾಂಕಿಗೆ ಲಿಖಿತವಾಗಿ ಕೇಳಬೇಕು. ಅಷ್ಟರಲ್ಲಿ ರಿಟರ್ನ್ ಸಲ್ಲಿಕೆಯಾಗಿ, ಜಮೆ ನಿರಾಕರಿಸಿದ ಸೂಚನಾಪತ್ರ ಬಂದಿದ್ದರೆ, 26ಎಎಸ್ ಸರಿಯಾದ ನಂತರ ಪೋರ್ಟಲ್‌ನಲ್ಲೇ ತಿದ್ದುಪಡಿ ಅರ್ಜಿ ಹಾಕಿ ಬಾಕಿ ರೀಫಂಡ್ ಪಡೆಯಬಹುದು.