ಅವಳಿ ಮಕ್ಕಳು ಒಟ್ಟಿಗೇ ಮಲಗಬೇಕೇ?

ಪ್ರಶ್ನೆ: ನಮ್ಮದು ಬಾಗಲಕೋಟೆ. ಹತ್ತು ತಿಂಗಳ ಅವಳಿಗಳಲ್ಲಿ ಮಗಳು ಗಾಢವಾಗಿ ನಿದ್ರಿಸುತ್ತಾಳೆ, ಮಗ ಬೇಗ ಏಳುತ್ತಾನೆ. ಇಬ್ಬರ ವೇಳೆಯನ್ನೂ ಒಂದೇ ಮಾಡಬೇಕೇ, ಬೇರೆ ಇಡಬೇಕೇ?

ಉತ್ತರ: ಮಲಗಿಸುವುದು ಹೆಚ್ಚುಕಡಿಮೆ ಒಟ್ಟಿಗೇ ಇರಲಿ, ಹಗಲಿನಲ್ಲಿ ಏಳುವುದು ಅವರವರ ಪಾಲಿಗೆ. ಈ ಪ್ರಶ್ನೆಗೆ ಎಷ್ಟೋ ಸಲ ಉತ್ತರಿಸಿದ್ದೇನೆ. ಆದರೂ ಅದು ಮತ್ತೆ ಬರುತ್ತದೆ, ಏಕೆಂದರೆ ಅದರ ಹಿಂದೆ ಒಂದು ಗಟ್ಟಿ ನಂಬಿಕೆ ಕುಳಿತಿದೆ: ಒಂದೇ ಗರ್ಭದಲ್ಲಿ ಬೆಳೆದವರಿಗೆ ನಿದ್ದೆಯೂ ಒಂದೇ ಅಳತೆಯದು, ಕಡಿಮೆ ಮಲಗುವವನಿಗೆ ಹೊಟ್ಟೆ ತುಂಬಿಲ್ಲ ಅಥವಾ ದೃಷ್ಟಿ ತಗುಲಿದೆ.

ಇದು ತಪ್ಪು. ನಾಲ್ಕರಿಂದ ಹನ್ನೆರಡು ತಿಂಗಳ ಮಗುವಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕೆನ್ನುತ್ತಾರೆ. ಅಂದರೆ ಇಬ್ಬರು ಆರೋಗ್ಯವಂತ ಮಕ್ಕಳ ನಡುವೆ ನಾಲ್ಕು ಗಂಟೆಯವರೆಗೂ ಅಂತರವಿರಬಹುದು. ನಿಮ್ಮ ಮನೆಯಲ್ಲಿ ಹುಟ್ಟಿರುವುದು ಹೆಣ್ಣು ಗಂಡು. ಹೀಗಿದ್ದಾಗ ಅವರು ಎರಡು ಬೇರೆ ಅಂಡಾಣುಗಳಿಂದ ಬಂದವರು, ವಂಶವಾಹಿಗಳ ಲೆಕ್ಕದಲ್ಲಿ ಬೇರೆ ಬೇರೆ ವರ್ಷ ಹುಟ್ಟಿದ ಅಕ್ಕ ತಮ್ಮಂದಿರಷ್ಟೇ ಹತ್ತಿರದವರು. ಅಕ್ಕನಷ್ಟೇ ತಮ್ಮನೂ ಮಲಗಲಿ ಎಂದು ಯಾವ ಅಜ್ಜಿಯೂ ಹಟ ಹಿಡಿಯುವುದಿಲ್ಲವಲ್ಲ! ಮಗನಿಗೆ ಸಾಕಾಗಿದೆಯೇ ಎಂಬುದನ್ನು ಅವನೇ ತೋರಿಸುತ್ತಾನೆ. ನಗುತ್ತಾ ಎದ್ದು, ಆಡಿ, ಚೆನ್ನಾಗಿ ಉಂಡು, ತೂಕ ಏರುತ್ತಿದ್ದರೆ ಸಾಕಾಗಿದೆ. ಅಂಥವನನ್ನು ತೊಟ್ಟಿಲಲ್ಲಿ ಹಾಕಿ ಮುಕ್ಕಾಲು ಗಂಟೆ ತೂಗಿದರೆ ಅವನೂ ಅಳುತ್ತಾನೆ, ಅಕ್ಕನನ್ನೂ ಎಬ್ಬಿಸುತ್ತಾನೆ.

ಒಂದು ವಾರ ಇಬ್ಬರ ನಿದ್ದೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮಗಳದು 14, ಮಗನದು 12 ಗಂಟೆ ಎಂದು ಬಂತೆನ್ನೋಣ. ಬೆಳಿಗ್ಗೆ ಆರೂವರೆಗೆ ಇಬ್ಬರನ್ನೂ ಎಬ್ಬಿಸಿ. ಇದೊಂದನ್ನು ಮಾತ್ರ ಸಡಿಲಿಸಬೇಡಿ, ದಿನದ ಉಳಿದ ವೇಳೆಯೆಲ್ಲ ಇದರ ಮೇಲೆ ನಿಂತಿದೆ. ಒಂಬತ್ತೂವರೆಗೆ ಇಬ್ಬರನ್ನೂ ಮಲಗಿಸಿ. ಮಗ ಮುಕ್ಕಾಲು ಗಂಟೆಗೆ ಎದ್ದರೆ ಅಜ್ಜಿಯೊಂದಿಗೆ ಪಡಸಾಲೆಗೆ ಹೋಗಲಿ, ಮಗಳು ಹನ್ನೊಂದರವರೆಗೆ ಮಲಗಲಿ. ಎರಡೂವರೆಗೆ ಮತ್ತೆ ಹಾಗೆಯೇ: ಅವನಿಗೆ ಒಂದೂಕಾಲು ಗಂಟೆ, ಅವಳಿಗೆ ಎರಡು. ರಾತ್ರಿ ಅವಳು ಎಂಟಕ್ಕೆ, ಅವನು ಎಂಟೂವರೆಗೆ. ಆ ಅರ್ಧ ಗಂಟೆ ಅವನು ತಂದೆಯ ತೊಡೆಯ ಮೇಲಿರಲಿ. ಹಗಲಲ್ಲಿ ಇಬ್ಬರೂ ಮಲಗಿದ ಆ ಎರಡು ವೇಳೆಯಲ್ಲಿ ತಾಯಿಯೂ ಬೆನ್ನು ಚಾಚಬೇಕು. ಮಲಗಿಸುವ ವೇಳೆ ಹೊಂದಿಸುವ ಮುಖ್ಯ ಲಾಭ ಅದೇ.

ಗೊರಕೆ, ಉಸಿರು ನಿಂತು ನಿಂತು ಬರುವುದು, ಎಬ್ಬಿಸಿದರೂ ಏಳದಷ್ಟು ಮಂಪರು ಇವುಗಳಲ್ಲಿ ಯಾವುದಿದ್ದರೂ ವೇಳಾಪಟ್ಟಿ ಬಿಟ್ಟು ಮಕ್ಕಳ ವೈದ್ಯರಲ್ಲಿಗೆ ಹೋಗಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅವಳಿಗಳು ಬಹಳ ಸಲ ದಿನ ತುಂಬುವ ಮೊದಲೇ ಹುಟ್ಟುತ್ತಾರೆ. ಎರಡು ತಿಂಗಳು ಮೊದಲೇ ಹುಟ್ಟಿದ್ದರೆ ನಿಮ್ಮ ಹತ್ತು ತಿಂಗಳ ಮಕ್ಕಳನ್ನು ಎಂಟು ತಿಂಗಳವರೆಂದೇ ಎಣಿಸಬೇಕು. ಆಗ ಹಗಲಿನಲ್ಲಿ ಮೂರನೆಯ ಸಣ್ಣ ನಿದ್ದೆ ಬೇಡುವುದು ಸಹಜ. ಸಂಜೆ ಐದರ ಸುಮಾರಿಗೆ ಕಣ್ಣುಜ್ಜಿಕೊಂಡು ರಗಳೆ ಮಾಡುವ ಮಗುವನ್ನು ಅರ್ಧ ಗಂಟೆ ಮಲಗಲು ಬಿಡಿ.