ಸುಸ್ತಿ ಬಡ್ಡಿ: ನಮ್ಮ ಆಕ್ಷೇಪಣೆಯ ಹಿಂದಿರುವ ಪದ

ಮಾನ್ಯ ವ್ಯವಸ್ಥಾಪಕರಿಗೆ,

ತಮ್ಮ ಪತ್ತಿನ ಸಹಕಾರ ಸಂಘದ 2023-24ನೇ ಸಾಲಿನ ಲೆಕ್ಕಪರಿಶೋಧನಾ ವರದಿಯಲ್ಲಿ ಎರಡು ಆಕ್ಷೇಪಣೆಗಳು ಆಡಳಿತ ಮಂಡಳಿಯ ಸಭೆಯಲ್ಲಿ ಬಹಳ ಚರ್ಚೆಗೆ ಬಂದವೆಂದು ತಿಳಿಯಿತು. ಲಾಭ 4,20,000 ರೂಪಾಯಿ ಎಂದು ತಾವು ತೋರಿಸಿದ್ದನ್ನು ನಾವು ಒಪ್ಪಲಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ನವೀಕರಿಸಿದ ಎಂಟು ಜಾಮೀನು ಸಾಲಗಳನ್ನೂ ವಸೂಲಿ ಎಂದು ಒಪ್ಪಲಿಲ್ಲ. ಎರಡಕ್ಕೂ ಬೇರು ಒಂದೇ, ಅದು ‘ಸುಸ್ತಿ ಬಡ್ಡಿ’. ಆ ಪದದಿಂದಲೇ ಶುರು ಮಾಡುತ್ತೇನೆ.

‘ಸುಸ್ತಿ’ ಪಾರ್ಸಿ ಮೂಲದ ಮಾತು. ಸಡಿಲ, ಆಲಸ್ಯ ಎಂಬುದು ಅದರ ಮೂಲ ಅರ್ಥ. ಮೈಗೆ ಬಂದಾಗ ನಾವು ‘ಸುಸ್ತು’ ಅನ್ನುವುದೂ ಅದನ್ನೇ. ಸಹಕಾರ ಸಂಘದ ಭಾಷೆಯಲ್ಲಿ ಗಡುವು ದಾಟಿಯೂ ಕಟ್ಟದೆ ಉಳಿದ ಕಂತು ಸುಸ್ತಿ, ಕಟ್ಟದವರು ಸುಸ್ತಿದಾರರು. ಅಂಥ ಸಾಲದ ಮೇಲೆ ಲೆಕ್ಕ ಹಾಕಿದ, ಆದರೆ ಕೈಗೆ ಬಾರದ ಬಡ್ಡಿಯೇ ಸುಸ್ತಿ ಬಡ್ಡಿ.

ಇದನ್ನು ‘ಬರಬೇಕಾದ ಬಡ್ಡಿ’ಯ ಜೊತೆ ಬೆರೆಸಿಬಿಡುವುದೇ ಸಾಮಾನ್ಯ ತಪ್ಪು. ಪ್ರತಿ ತಿಂಗಳು 10ಕ್ಕೆ ಸರಿಯಾಗಿ ಕಂತು ಕಟ್ಟುವ ಸದಸ್ಯರ ಸಾಲದ ಮೇಲೂ ಮಾರ್ಚ್ 31ಕ್ಕೆ ಇಪ್ಪತ್ತೊಂದು ದಿನದ ಬಡ್ಡಿ ಬಾಕಿ ಇರುತ್ತದೆ. ಅದಕ್ಕೆ ಗಡುವೇ ಬಂದಿಲ್ಲ, ಏಪ್ರಿಲ್ 10ಕ್ಕೆ ಬರುತ್ತದೆ. ಅದನ್ನು ಈ ವರ್ಷದ ಆದಾಯವೆಂದು ಬರೆದರೆ ನಮ್ಮ ತಕರಾರಿಲ್ಲ. ಆದರೆ ಒಂದು ಲಕ್ಷ ರೂಪಾಯಿ ಸಾಲ ಪಡೆದು ವರ್ಷವಿಡೀ ಏನೂ ಕಟ್ಟದವರ ಮೇಲೂ ತಮ್ಮ ಸಾಫ್ಟ್‌ವೇರ್ ಶೇ. 15ರಂತೆ 15,000 ರೂಪಾಯಿ ಬಡ್ಡಿಯನ್ನು ಮಾರ್ಚ್ 31ರ ರಾತ್ರಿ ಆದಾಯಕ್ಕೆ ಸೇರಿಸಿದೆ. ಸಾಲಗಾರ ಕಟ್ಟುವವನೋ ಕಟ್ಟದವನೋ ಎಂದು ಅದು ನೋಡುವುದಿಲ್ಲ. ಎಲ್ಲ ಸಾಲಕ್ಕೂ ಒಂದೇ ಗುಣಾಕಾರ. ಬೇರ್ಪಡಿಸುವ ಕೆಲಸ ಮನುಷ್ಯರದ್ದು, ಅದು ಆಗಿರಲಿಲ್ಲ.

ತಮ್ಮ ಲೆಕ್ಕದಲ್ಲಿ ಬರಬೇಕಾದ ಬಡ್ಡಿ ಒಟ್ಟು 6,00,000 ರೂಪಾಯಿ. ಸಾಲವಾರು ಪಟ್ಟಿ ತೆಗೆದು ಗಡುವು ದಾಟಿದ ಸಾಲಗಳನ್ನು ಬೇರೆ ಮಾಡಿದಾಗ ಅದರಲ್ಲಿ 3,60,000 ಸುಸ್ತಿ ಬಡ್ಡಿ ಎಂದು ಸಿಕ್ಕಿತು. ಅಷ್ಟು ಮೊತ್ತವನ್ನು ಲಾಭ-ನಷ್ಟ ಖಾತೆಯಲ್ಲಿ ಖರ್ಚು ಹಾಕಿ ‘ಸುಸ್ತಿ ಬಡ್ಡಿ ನಿಧಿ’ಗೆ ಜಮಾ ಮಾಡಬೇಕಿತ್ತು. ಹಿಂದಿನ ವರ್ಷದಿಂದ ಬಂದ ನಿಧಿಯೂ ಇರಲಿಲ್ಲವಾದ್ದರಿಂದ ಪೂರ್ತಿ ಮೊತ್ತ ಈ ವರ್ಷದ ಮೇಲೇ ಬಿತ್ತು. 4,20,000 ಲಾಭ 60,000ಕ್ಕೆ ಇಳಿಯಿತು.

‘ಹೇಗೂ ಇವತ್ತಲ್ಲ ನಾಳೆ ವಸೂಲಾಗುವ ಹಣ ತಾನೆ’ ಎಂದು ನಿರ್ದೇಶಕರೊಬ್ಬರು ಕೇಳಿದ್ದಾರೆ. ವಸೂಲಾಗಬಹುದು, ಆಗಲಿ. ಆದರೆ ತಾವು ಈ ಲಾಭದ ಮೇಲೆ ಶೇ. 10 ಡಿವಿಡೆಂಡ್ ಪ್ರಸ್ತಾಪಿಸಿದ್ದೀರಿ. 25 ಲಕ್ಷ ಷೇರು ಬಂಡವಾಳಕ್ಕೆ ಅದು 2,50,000 ರೂಪಾಯಿ ಆಗುತ್ತದೆ. ತಾವು ತೋರಿಸಿದ ಲಾಭದಲ್ಲಿ ಕಾಯ್ದೆಯಂತೆ ಶೇ. 25, ಅಂದರೆ 1,05,000 ರೂಪಾಯಿಯನ್ನು ಆಪದ್ಧನ ನಿಧಿಗೆ ತೆಗೆದರೂ ಡಿವಿಡೆಂಡಿಗೆ ಸಾಕಷ್ಟು ಉಳಿಯುತ್ತದೆ, ಕಾಗದದ ಮೇಲೆ. ನಿಜವಾದ 60,000ದಲ್ಲಿ 15,000 ಆಪದ್ಧನಕ್ಕೆ ಹೋದರೆ ಉಳಿಯುವುದು 45,000. ಷೇರುದಾರರಿಗೆ ಹಂಚುವುದು ಮಾತ್ರ ನಗದು. ಸಾಲಗಾರನಿಂದ ಬಾರದ ಹಣ ಎಲ್ಲಿಂದ ಬರಬೇಕು? ಪಿಗ್ಮಿ ಕಟ್ಟಿದವರ, ಮುದ್ದತ್ತು ಠೇವಣಿ ಇಟ್ಟವರ ಹಣದಿಂದಲೇ. ಮೊದಲ ಆಕ್ಷೇಪಣೆಯ ಕಾರಣ ಇಷ್ಟೆ.

ಎರಡನೆಯದು ಸ್ವಲ್ಪ ಸೂಕ್ಷ್ಮ. ಮಾರ್ಚ್ 29ರಂದು ಒಂದು ಜಾಮೀನು ಸಾಲದ ಖಾತೆಗೆ 1,72,500 ರೂಪಾಯಿ ಜಮಾ ಆಗಿದೆ. ಅದರಲ್ಲಿ ಅಸಲು 1,50,000, ಬಡ್ಡಿ 22,500. ಅದೇ ದಿನ ಅದೇ ಸದಸ್ಯರಿಗೆ 1,80,000 ರೂಪಾಯಿ ಹೊಸ ಸಾಲ ಮಂಜೂರಾಗಿದೆ. ವ್ಯತ್ಯಾಸದ 7,500 ಷೇರಿಗೂ ದಾಖಲೆ ಶುಲ್ಕಕ್ಕೂ ಹೋಗಿದೆ. ಆ ಸದಸ್ಯರ ಕೈಯಿಂದ ಒಂದು ರೂಪಾಯಿಯೂ ಬಂದಿಲ್ಲ, ಕೈಗೆ ಒಂದು ರೂಪಾಯಿಯೂ ಹೋಗಿಲ್ಲ. ಇದಕ್ಕೆ ‘ಪುಸ್ತಕ ಹೊಂದಾಣಿಕೆ’ ಎನ್ನುತ್ತಾರೆ.

ಇದು ಹೇಗೆ ಸಿಕ್ಕಿತು ಎಂದು ತಾವು ಕೇಳಿದ್ದಿರಿ. ಜಮಾ ವೋಚರ್ ಮತ್ತು ಖರ್ಚಿನ ವೋಚರ್‌ಗಳ ನಂಬರು ಒಂದರ ಹಿಂದೆ ಒಂದು ಇದ್ದವು. ಅಂದಿನ ನಗದು ಶಿಲ್ಕಿನ ಮೇಲೆ ಈ ಎರಡು ದೊಡ್ಡ ಮೊತ್ತಗಳು ಯಾವ ಪರಿಣಾಮವನ್ನೂ ಮಾಡಿರಲಿಲ್ಲ. ಇನ್ನೊಂದು ಗುರುತೂ ಇತ್ತು. ಹನ್ನೊಂದು ತಿಂಗಳು ಸದ್ದಿಲ್ಲದೆ ಮಲಗಿದ್ದ ಖಾತೆ ಮಾರ್ಚ್ ಕೊನೆಯಲ್ಲಿ ಇದ್ದಕ್ಕಿದ್ದಂತೆ ಪೂರ್ತಿ ತೀರಿದ್ದರೆ, ಯಾವ ಪರಿಶೋಧಕನೂ ಮೊದಲು ತೆಗೆಯುವ ಖಾತೆ ಅದೇ.

ಹೀಗೆ ಮಾಡಿದರೆ ಬಡ್ಡಿ ‘ವಸೂಲಾದ’ ಸಾಲಿಗೆ ಬರುತ್ತದೆ, ಸುಸ್ತಿ ಪಟ್ಟಿಯಿಂದ ಹೆಸರು ಹೋಗುತ್ತದೆ, ಬಾರದ ಬಡ್ಡಿ ಹೊಸ ಅಸಲಿನೊಳಗೆ ಸೇರಿ ಮುಂದಿನ ವರ್ಷ ಅದರ ಮೇಲೂ ಬಡ್ಡಿ ಬೆಳೆಯುತ್ತದೆ. ಇವೆಲ್ಲಕ್ಕಿಂತ ನಮಗೆ ಹೆಚ್ಚು ಆತಂಕ ತಂದದ್ದು ಜಾಮೀನು. ಎಂಟರಲ್ಲಿ ಮೂರು ಹೊಸ ಸಾಲಪತ್ರಗಳಿಗೆ ಜಾಮೀನುದಾರರ ಸಹಿಯೇ ಇಲ್ಲ, ಹಳೆಯ ಪತ್ರದ ನಕಲು ಇಟ್ಟಿದ್ದೀರಿ. ಹಳೆಯ ಸಾಲ ತೀರಿತು ಎಂದು ಸಂಘವೇ ಬರೆದುಕೊಂಡ ಮೇಲೆ ಆ ಸಾಲಕ್ಕೆ ನಿಂತವರ ಹೊಣೆಯೂ ತೀರಿದಂತೆ. ನಾಳೆ ವ್ಯಾಜ್ಯ ಹೂಡಿದರೆ ಜಾಮೀನುದಾರರು ಸಂಘದ ಖಾತಾವಹಿಯನ್ನೇ ಮುಂದಿಟ್ಟು ಬಿಡುಗಡೆ ಕೇಳುತ್ತಾರೆ.

ನವೀಕರಣವೇ ತಪ್ಪು ಎಂದು ನಾವು ಹೇಳಿಲ್ಲ. ಸದಸ್ಯರಿಂದ ಬಡ್ಡಿಯನ್ನು ನಿಜವಾಗಿ ಕಟ್ಟಿಸಿಕೊಂಡು, ಉಳಿದ ಅಸಲಿಗೆ ಮಾತ್ರ ಹೊಸ ಅರ್ಜಿ, ಹೊಸ ಜಾಮೀನು ಸಹಿ, ಮಂಡಳಿಯ ಠರಾವು ಪಡೆದು ಮಾಡಿದ್ದ ಎರಡು ನವೀಕರಣಗಳನ್ನು ನಾವು ಹಾಗೇ ಬಿಟ್ಟಿದ್ದೇವೆ. ಅವು ಈ ಎಂಟರಲ್ಲಿ ಸೇರಿಲ್ಲ.

ಆ ಎಂಟು ಸಾಲಗಳಲ್ಲಿ ಹೊಂದಾಣಿಕೆಯಾದ ಬಡ್ಡಿ 1,10,000. ಅದನ್ನೂ ಸೇರಿಸಿದರೆ ಸುಸ್ತಿ ಬಡ್ಡಿ ನಿಧಿ 4,70,000 ಆಗಬೇಕು. ಆಗ 60,000 ಲಾಭವೂ ಉಳಿಯದೆ 50,000 ನಷ್ಟವಾಗುತ್ತದೆ. ಡಿವಿಡೆಂಡಿನ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಮುಂದಿನ ವರ್ಷ ಇದೇ ಮೊತ್ತವನ್ನು ಮತ್ತೆ ಪೂರ್ತಿ ಖರ್ಚು ಹಾಕಬೇಕೇ ಎಂಬ ಗೊಂದಲ ಅನೇಕ ಸಂಘಗಳಲ್ಲಿದೆ. ಬೇಡ. 2025ರ ಮಾರ್ಚ್ 31ಕ್ಕೆ ಹೊಸ ಪಟ್ಟಿ ಮಾಡಿ. ಸುಸ್ತಿ ಬಡ್ಡಿ 5,00,000ಕ್ಕೆ ಏರಿದ್ದರೆ ಹೆಚ್ಚಾದ 30,000 ಮಾತ್ರ ಖರ್ಚು. ವಸೂಲಿ ಚೆನ್ನಾಗಿ ನಡೆದು 4,00,000ಕ್ಕೆ ಇಳಿದಿದ್ದರೆ 70,000 ರೂಪಾಯಿ ನಿಧಿಯಿಂದ ಲಾಭಕ್ಕೆ ಮರಳುತ್ತದೆ. ಈ ಹಣ ಎಲ್ಲೂ ಕಳೆದುಹೋಗುವುದಿಲ್ಲ, ಕೈಗೆ ಬಂದ ವರ್ಷ ಆದಾಯವಾಗುತ್ತದೆ. ಪಟ್ಟಿ ಮಾಡುವಾಗ ಸಾಫ್ಟ್‌ವೇರಿನ ಗಡುವಿನ ದಿನಾಂಕವನ್ನು ಸಾಲಪತ್ರದ ದಿನಾಂಕದೊಡನೆ ತಾಳೆ ನೋಡಿ. ದಿನಾಂಕವನ್ನು ಮುಂದಕ್ಕೆ ತಿದ್ದಿದರೆ ಸುಸ್ತಿದಾರರ ಹೆಸರು ತಾನಾಗಿ ಪಟ್ಟಿಯಿಂದ ಮಾಯವಾಗುತ್ತದೆ.

ಅನುಪಾಲನಾ ವರದಿಯಲ್ಲಿ ‘ಮುಂದೆ ಸರಿಪಡಿಸಲಾಗುವುದು’ ಎಂದಷ್ಟೇ ಬರೆದು ಕಳಿಸಬೇಡಿ. ಸಾಲವಾರು ಸುಸ್ತಿ ಬಡ್ಡಿ ಪಟ್ಟಿ, ನಿಧಿಗೆ ಜಮಾ ಮಾಡಿದ ವೋಚರಿನ ನಕಲು, ಡಿವಿಡೆಂಡ್ ಪ್ರಸ್ತಾಪ ಹಿಂಪಡೆದ ಠರಾವು, ಮೂರು ಸಾಲಗಳಿಗೆ ಜಾಮೀನುದಾರರಿಂದ ಹೊಸದಾಗಿ ಪಡೆದ ಸಹಿ, ಇವು ಜೊತೆಗಿರಲಿ. ಸಹಿ ಹಾಕಲು ಯಾರಾದರೂ ಒಪ್ಪದಿದ್ದರೆ ಅದನ್ನೂ ಬರೆಯಿರಿ.

ಇಂತಿ,
ಲೆಕ್ಕಪರಿಶೋಧಕರು